ಮೂಡಣ ಸಾಲಿನ ಕಂಬ

ಮೂವತ್ತೆಂಟು ಬರಬಾರದಿತ್ತು. ಇಪ್ಪತ್ತು ಬಂದಿದ್ದರೆ ನಂಬಬಹುದಿತ್ತು. ಹದಿನೆಂಟು ಬಂದಿದ್ದರೂ ಏನೋ ಒಂದು ಸಮಾಧಾನ ಹೇಳಿಕೊಳ್ಳಬಹುದಿತ್ತು. ಇಪ್ಪತ್ತೆರಡು ವರ್ಷದ ಹಿಂದೆ ಸಲಿಕೆಯಲ್ಲಿ ಕಲಸಿ, ಬಾಣಲೆಯಲ್ಲಿ ಹೊತ್ತು ಸುರಿದ ಕಾಂಕ್ರೀಟು ಇದು. ಇಪ್ಪತ್ತರ ದರ್ಜೆ ಎಂದುಕೊಂಡು ಕಲಸಿದ್ದು. ಅದು ಯಾವ ಪುಣ್ಯದಿಂದ ಮೂವತ್ತೆಂಟಾಗುತ್ತದೆ? ಒಳ್ಳೆಯ ಅಂಕಿ ಬಂದಿದ್ದಕ್ಕೆ ಹೆದರುವ ಮನುಷ್ಯ ಲೋಕದಲ್ಲಿ ನಾನೊಬ್ಬನೇ ಇರಬೇಕು ಎಂದುಕೊಂಡ ಕಲ್ಲೇಶ.

ಅವನು ವೀರಭದ್ರಯ್ಯನವರ ಕೊಬ್ಬರಿ ಅಟ್ಟದ ಕೆಳಗೆ ನಿಂತಿದ್ದ. ಕೈಯಲ್ಲಿ ರೀಬೌಂಡ್ ಹ್ಯಾಮರ್ ಇತ್ತು. ಹೆಸರಿಗೆ ಸುತ್ತಿಗೆ, ನೋಡಲು ದಪ್ಪ ಟಾರ್ಚಿನಂತಿರುವ ಸಾಧನ. ಅದರ ಮೂತಿಯನ್ನು ಕಂಬಕ್ಕೆ ಒತ್ತಿದರೆ ಒಳಗಿನ ಸ್ಪ್ರಿಂಗು ಬಿಟ್ಟು ಬಡಿಯುತ್ತದೆ. ಬಡಿದ ತೂಕ ಎಷ್ಟು ಹಿಂದಕ್ಕೆ ಚಿಮ್ಮಿತು ಎಂಬುದನ್ನು ಪಕ್ಕದ ಗೀಟು ತೋರಿಸುತ್ತದೆ, ಅದನ್ನು ಪಟ್ಟಿಯಲ್ಲಿ ನೋಡಿ ಕಾಂಕ್ರೀಟಿನ ಬಲದ ಅಂಕಿಗೆ ತಿರುಗಿಸಿಕೊಳ್ಳಬೇಕು. ಮೈ ಗಟ್ಟಿಯಿದ್ದಷ್ಟೂ ಚಿಮ್ಮುವುದು ಹೆಚ್ಚು. ಬೆಳಗಿನಿಂದ ಅವನು ಕಂಬಗಳ ಮಸಿಯನ್ನು ಉಜ್ಜುಗಲ್ಲಿನಲ್ಲಿ ಉಜ್ಜಿ, ಗೆರೆ ಎಳೆದು, ಗೆರೆ ಕೂಡಿದಲ್ಲೆಲ್ಲ ಬಡಿದು ನೋಡಿದ್ದ. ಪಡುವಣ ಸಾಲಿನ ನಾಲ್ಕು ಕಂಬ, ಮೂಡಣ ಸಾಲಿನ ನಾಲ್ಕು ಕಂಬ, ಎಲ್ಲ ಒಂದೇ ಮಾತು ಹೇಳಿದವು. ಸುತ್ತಿಗೆಯೇ ಕೆಟ್ಟಿರಬಹುದೆಂದು ಜೀಪಿನಲ್ಲಿದ್ದ, ಸುತ್ತಿಗೆಯನ್ನೇ ಪರೀಕ್ಷಿಸುವ ಉಕ್ಕಿನ ಅಡೆಗಲ್ಲನ್ನು ತಂದು ಅದರ ಮೇಲೆ ಬಡಿದ. ಗೀಟಿನಲ್ಲಿ ಬರಬೇಕಾದ ಎಂಬತ್ತೇ ಬಂತು. ಸುತ್ತಿಗೆ ಸರಿಯಾಗಿತ್ತು.

ಆಮೇಲೆ ಸುಮ್ಮನೆ ಹೊರಗಿನ ಜಗಲಿಯ ಒಂಟಿ ಕಂಬಕ್ಕೂ ಹೋಗಿ ಬಡಿದ. ಅದೂ ಅದೇ ಕಾಲದ್ದು, ಅದೇ ಕೈಯದ್ದು. ಅಲ್ಲಿ ಇಪ್ಪತ್ತಮೂರು ಬಂತು. ಕಲ್ಲೇಶ ತಿರುಗಿ ಒಳಗಿನ ನೆಲ ನೋಡಿದ. ನಡುವೆ ಬೂದಿಯ ಗುಂಡಿ. ಮಳೆಗಾಲದಲ್ಲಿ ಅಟ್ಟದ ಕಾಯಿ ತೇವ ಹಿಡಿದು ಕೆಡದಿರಲೆಂದು ಅಲ್ಲಿ ಕಾಯಿಸಿಪ್ಪೆಗೆ ಬೆಂಕಿ ಹಾಕಿ, ಉರಿಯಲು ಬಿಡದೆ ಹೊಗೆ ಎಬ್ಬಿಸುತ್ತಿದ್ದರು. ಹೊಗೆ ದಬ್ಬೆಗಳ ಸಂದಿಯಿಂದ ಮೇಲೇರಿ ಕಾಯಿಗಳ ನಡುವೆ ಸುತ್ತಾಡಿ ಶೀಟಿನ ಅಂಚಿನಿಂದ ಹೊರಗೆ ಹೋಗುತ್ತಿತ್ತು. ಇಪ್ಪತ್ತೆರಡು ಮಳೆಗಾಲ ಒಳಗಿನ ಎಂಟು ಕಂಬಗಳೂ ಆ ಹೊಗೆ ಕುಡಿದಿದ್ದವು. ಹೊರಗಿನದು ಕುಡಿದಿರಲಿಲ್ಲ.

ಕಾಂಕ್ರೀಟಿನ ಮೈಯನ್ನು ಗಾಳಿಯಲ್ಲಿನ ಇಂಗಾಲದ ಅನಿಲ ನಿಧಾನವಾಗಿ ಸುಣ್ಣದ ಕಲ್ಲಿನಂತೆ ಮಾಡುತ್ತದೆ. ಹೊಗೆಯಲ್ಲಿ ಇದ್ದರೆ ಬೇಗ ಮಾಡುತ್ತದೆ. ಚಿಪ್ಪು ಗಟ್ಟಿಯಾಗುತ್ತದೆ. ಸುತ್ತಿಗೆಗೆ ಗೊತ್ತಾಗುವುದು ಚಿಪ್ಪು ಮಾತ್ರ. ತಿರುಳಿನ ವಿಷಯ ಅದಕ್ಕೆ ಏನೂ ಗೊತ್ತಿಲ್ಲ.

ತಾನು ಕೆಲಸ ಮಾಡುವ ತುಮಕೂರಿನ ಲ್ಯಾಬಿನ ಹಿರಿಯ ಎಂಜಿನಿಯರ್ ದಯಾನಂದ್‌ಗೆ ಫೋನ್ ಮಾಡಿದ. ಅಂಕಿ ಕೇಳಿ ಅವರು ನಕ್ಕರು.

"ಚೆನ್ನಾಗೇ ಬಂದಿದೆಯಲ್ಲಪ್ಪ. ಮತ್ತೇನ್ ತಕರಾರು?"

"ಹೊಗೆ ಸಾರ್. ಮೈ ಗಟ್ಟಿಯಾಗಿದೆ ಅನ್ಸುತ್ತೆ. ಕೋರ್ ತೆಗೀಬೇಕು."

"ಪಾರ್ಟಿ ಕೇಳಿರೋದು ಹ್ಯಾಮರ್ ಟೆಸ್ಟ್. ಅದನ್ನ ಮಾಡಿ ಅದನ್ನ ಬರೆದುಕೊಟ್ರೆ ನಮ್ಮ ಕೆಲ್ಸ ಮುಗೀತು. ಕೋರ್ ತೆಗೀತೀನಿ ಅಂದ್ರೆ ಅವರು ಒಪ್ಬೇಕು." ಆಮೇಲೆ ಕೇಳಿದರು, "ಅದನ್ನ ಕಟ್ಟಿದ್ದು ನಿಮ್ಮ ತಂದೆ ಅಂದಿದ್ಯಲ್ಲ?"

"ಹೌದು ಸಾರ್."

"ನೋಡು ಮತ್ತೆ," ಎಂದು ಫೋನ್ ಇಟ್ಟರು. ಏನನ್ನು ನೋಡಬೇಕು ಎಂದು ಹೇಳಲಿಲ್ಲ.

ಅಟ್ಟವನ್ನು ಕಟ್ಟಿದ್ದು ಕಲ್ಲೇಶನ ಅಪ್ಪ ತಿಮ್ಮಯ್ಯ ಮೇಸ್ತ್ರಿ. ಹಂದನಕೆರೆ ಸುತ್ತಿನಲ್ಲಿ ಬೊಂಬು ಮರದ ಅಟ್ಟಗಳೇ ಇದ್ದ ಕಾಲದಲ್ಲಿ ಕಬ್ಬಿಣ ಕಟ್ಟಿ ಕಂಬ ತೊಲೆ ಎಬ್ಬಿಸಿದ ಮೊದಲ ಕೆಲಸ. ಆಮೇಲೆ ಅವನು ಮನೆ ಕಟ್ಟಿದ, ಗುಡಿ ಕಟ್ಟಿದ, ನೀರಿನ ಟ್ಯಾಂಕು ಕಟ್ಟಿದ. ಆದರೆ ಬಸ್ಸು ಈ ದಾರಿಯಲ್ಲಿ ಬಂದಾಗ ಕಿಟಕಿಯಿಂದ ಬೆರಳು ಚಾಚಿ ತೋರಿಸುತ್ತಿದ್ದುದು ಇದೊಂದನ್ನೇ. ಪಕ್ಕದ ಸೀಟಿನವರು ಗುರುತಿನವರಾಗಿರಬೇಕು ಎಂದೇನಿರಲಿಲ್ಲ. "ಅದು ನಂದು," ಎನ್ನುತ್ತಿದ್ದ. ಕೇಳಿದವರು ಇವನನ್ನು ತೋಟದ ಯಜಮಾನ ಎಂದುಕೊಂಡು ಸರಿದು ಜಾಗ ಕೊಟ್ಟಿದ್ದೂ ಉಂಟು.

ಈಗ ವೀರಭದ್ರಯ್ಯನವರ ಮಗ ಜ್ಞಾನೇಶ್ ಅಟ್ಟದ ಮೇಲೆ ಇನ್ನೊಂದು ಅಟ್ಟ ಎಬ್ಬಿಸಲು ಹೊರಟಿದ್ದ. ಕೆಳಗಿನ ಕಂಬಗಳು ಇಮ್ಮಡಿ ಕಾಯಿಯ ಭಾರ ಹೊರಬೇಕು. ಹೊರುತ್ತವೆಯೇ ಎಂದು ಹೇಳಲು ಕಲ್ಲೇಶ ಬಂದಿದ್ದ. ಕಂಬಗಳ ನಡುವೆ, ಬೂದಿಗುಂಡಿಯ ಆಚೆ ಈಚೆ, ಹೆಂಗಸರು ಕೂತು ಒಣಕಾಯಿಯ ಚಿಪ್ಪು ಒಡೆದು ಉಂಡೆ ಕೊಬ್ಬರಿ ತೆಗೆಯುತ್ತಿದ್ದರು. ವರ್ಷವಿಡೀ ಅವರ ಕೆಲಸ ಇಲ್ಲೇ, ಈ ನೆರಳಲ್ಲೇ.

ಅವರಲ್ಲಿ ಹಿರಿಯಳು ಹುಚ್ಚಕ್ಕ. ಕಟ್ಟುವಾಗ ಅವಳೂ ಕೂಲಿಗೆ ಬಂದಿದ್ದಳು. ಬೆಳಗಿನಿಂದ ಇವನ ಟಕ್ ಟಕ್ ಕೇಳಿ ಅವಳಿಗೆ ಸಾಕಾಗಿತ್ತು.

"ಏನ್ಲಾ ಮಗ, ಕಾಯಿ ಬಲ್ತದಾ ಇಲ್ವಾ ಅಂತ ಬಡ್ದು ನೋಡ್ದಂಗೆ ನೋಡ್ತಿದೀಯ? ನಂಗೊಂದು ಕಿತ ಬಡ್ದು ನೋಡು, ಎಷ್ಟು ಬತ್ತದೋ."

"ನಿಂಗೆ ಬಡ್ದ್ರೆ ಸುತ್ತಿಗೆ ಒಡೆದೋಯ್ತದೆ," ಎಂದಳು ಪಕ್ಕದವಳು.

"ಒಡೀಲಿ ಬುಡು. ಈ ಕಂಬಕ್ಕೆ ನೀರು ಹೊತ್ತಿದ್ದು ನಾನು ಕಣೇ. ಬಾವಿ ಮೋಟ್ರು ಸುಟ್ಟೋಗಿತ್ತಲ್ಲ ಆವತ್ತು, ಇವರಪ್ಪ ನಿಲ್ಲಕ್ಕೂ ಬುಡ್ಲಿಲ್ಲ ಕೂರಕ್ಕೂ ಬುಡ್ಲಿಲ್ಲ. ಆವತ್ತು ಬಿದ್ದ ಸೊಂಟ ಇನ್ನೂ ಎದ್ದಿಲ್ಲ."

ಹೆಂಗಸರು ನಕ್ಕರು. ಕಲ್ಲೇಶನೂ ನಕ್ಕ. ಮಾತು ಅಲ್ಲಿಗೇ ನಿಂತಿತು.

ಮಧ್ಯಾಹ್ನ ಜಗಲಿಯಲ್ಲಿ ಊಟಕ್ಕೆ ಕೂತಾಗ ವಿಷಯ ಎತ್ತಿದ. ಅಪ್ಪನೂ ಇದ್ದ. ವೀರಭದ್ರಯ್ಯನವರು ಹೇಳಿ ಕಳಿಸಿದ್ದರು, ತಿಮ್ಮಯ್ಯನೂ ಬರಲಿ, ಅವನ ಕೆಲಸ ಅವನ ಮಗನ ಕೈಯಲ್ಲೇ ಪಾಸಾಗುವುದನ್ನು ನೋಡಲಿ ಎಂದು. ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದು, ಕಂಬವೊಂದಕ್ಕೂ ಒರಗದೆ ನೆಟ್ಟಗೆ ಕೂತಿದ್ದ.

"ಕೋರ್ ಅಂದ್ರೆ?" ಎಂದರು ವೀರಭದ್ರಯ್ಯ.

"ಕಂಬದೊಳಗಿಂದ ಒಂದು ತುಂಡು ಕೊರ್ದು ತೆಗೆಯೋದು ಯಜಮಾನ್ರೇ. ಮುಂಗೈ ಗಾತ್ರದ್ದು. ಅದನ್ನ ತುಮಕೂರಿಗೆ ತಗೊಂಡೋಗಿ ಮಿಷನ್ನಲ್ಲಿ ಹಿಸುಕಿ, ಎಷ್ಟು ಭಾರಕ್ಕೆ ಒಡೀತು ಅಂತ ನೋಡೋದು."

"ಗಟ್ಟಿ ಅಂತ ಬಂತಲ್ಲಯ್ಯ ನಿನ್ನ ಸುತ್ತಿಗೇಲಿ?"

"ಮೇಲ್ಮೈ ಗಟ್ಟಿ ಇದೆ. ಒಳಗಿಂದು ಅದು ಹೇಳಲ್ಲ."

"ಬಾಯಿ ತುಂಬ ಹಲ್ಲಿದ್ರೂ ದವಡೆ ಕೊರ್ದು ನೋಡ್ತೀನಿ ಅಂದಂಗಾಯ್ತು." ವೀರಭದ್ರಯ್ಯ ಎಲೆಯಿಂದ ಕೈ ತೆಗೆದರು. "ಆವತ್ತೇ ಕ್ಯೂಬ್ ಪರೀಕ್ಷೆ ಮಾಡ್ಸಿದ್ವಲ್ಲಪ್ಪ. ನಿಮ್ಮಪ್ಪನೇ ತಗೊಂಡೋಗಿದ್ದ. ಪಾಸಾಗಿತ್ತು. ಏನ್ ತಿಮ್ಮಯ್ಯ?"

"ಆಗಿತ್ತು," ಎಂದ ಅಪ್ಪ.

ಆ ಕ್ಯೂಬುಗಳು ಕಲ್ಲೇಶನಿಗೆ ನೆನಪಿದ್ದವು. ಗೇಣಗಲದ ಮೂರು ಚೌಕ ಗಟ್ಟಿಗಳು. ಕಬ್ಬಿಣದ ಅಚ್ಚಿನಲ್ಲಿ ಮೂರು ಪದರವಾಗಿ ತುಂಬಿ, ಸರಳಿನಿಂದ ಜಡಿದು ಮಾಡಿದ್ದು. ಅಚ್ಚು ಬಿಚ್ಚಿದ ಮೇಲೆ ಅಪ್ಪ ಅವನ್ನು ಮನೆಯ ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಇಟ್ಟಿದ್ದ. ಇಪ್ಪತ್ತೆಂಟು ದಿನ ಎಮ್ಮೆಗಳಿಗೆ ಬೇರೆ ಬಾನಿ. ಆಮೇಲೆ ಒದ್ದೆ ಗೋಣಿಯಲ್ಲಿ ಸುತ್ತಿ, ತುಮಕೂರಿನ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋಗಿದ್ದ. ಕಂಡಕ್ಟರು ಲಗೇಜು ಎಂದನಂತೆ, ಅಪ್ಪ ಮಗು ಎಂದನಂತೆ. ಮನೆಗೆ ಬಂದವರಿಗೆಲ್ಲ ಈ ಕತೆ ಆಗುತ್ತಿತ್ತು. ಮೂರೂ ಇಪ್ಪತ್ತೈದು ದಾಟಿದ್ದವು.

ಕ್ಯೂಬು ಸುಳ್ಳು ಹೇಳಿರಲಿಲ್ಲ. ಕಲಸಿ ಹಾಕಿದ ಯಾವ ಗುಡ್ಡೆಯಿಂದ ಅದು ಬಂತೋ ಆ ಗುಡ್ಡೆಯ ಮಾತು ಹೇಳಿತ್ತು. ತೊಟ್ಟಿಯೊಳಗೆ ಬಸಿರಿಯಂತೆ ಸಾಕಿಸಿಕೊಂಡ ಕಾಂಕ್ರೀಟು ಎಷ್ಟು ಬೆಳೆಯಬಲ್ಲದು ಎಂದು ಹೇಳಿತ್ತು. ಬಿಸಿಲಲ್ಲಿ ನಿಂತ ಕಂಬಕ್ಕೆ ಯಾರು ಎಷ್ಟು ನೀರು ಹಾಕಿದರು, ಮಾರನೆಯ ದಿನದ ಗುಡ್ಡೆ ಹೇಗಿತ್ತು ಎಂದು ಅದಕ್ಕೆ ತಿಳಿಯುವಂತಿರಲಿಲ್ಲ. ಇದನ್ನೆಲ್ಲ ಹೇಗೆ ಹೇಳುವುದು ಎಂದು ಕಲ್ಲೇಶ ಯೋಚಿಸುತ್ತಿರುವಾಗ ಜ್ಞಾನೇಶ್ ನಡುವೆ ಬಂದ.

"ಕೊರೆದ್ರೆ ಕಂಬ ವೀಕಾಗಲ್ವಾ ಕಲ್ಲೇಶಣ್ಣ?"

"ಪಕ್ಕದಲ್ಲಿ ಜಾಕಿ ಕೊಟ್ಟು ತೊಲೆ ಹಿಡ್ದೇ ಕೊರೆಯೋದು. ಕಬ್ಬಿಣ ಎಲ್ಲಿದೆ ಅಂತ ಮೊದ್ಲೇ ಮಿಷನ್ನಲ್ಲಿ ನೋಡ್ಕೋತೀವಿ, ಅದಕ್ಕೆ ತಾಕಿಸಲ್ಲ. ತೆಗೆದ ತೂತಿಗೆ ಕುಗ್ಗದೇ ಇರೋ ಸಿಮೆಂಟ್ ಗ್ರೌಟ್ ತುಂಬ್ತೀವಿ."

ವೀರಭದ್ರಯ್ಯ ಅವನನ್ನು ನೋಡಲಿಲ್ಲ. ಅಪ್ಪನನ್ನು ನೋಡಿದರು. "ನಿನ್ನ ಮಗ ನಿನ್ನ ಕೆಲಸಾನೇ ನಂಬಲ್ಲ ಅಂತಾನಲ್ಲಯ್ಯ ತಿಮ್ಮಯ್ಯ."

ಅಪ್ಪ ಮಜ್ಜಿಗೆ ಕುಡಿದು ಲೋಟ ಕೆಳಗಿಟ್ಟ. ಅಂಗವಸ್ತ್ರದಲ್ಲಿ ಮೀಸೆ ಒರೆಸಿಕೊಂಡ. "ಕೊರೀಲಿ ಬುಡಿ ಯಜಮಾನ್ರೇ," ಎಂದ. ಅವನ ದನಿಯಲ್ಲಿ ಕೋಪವಿರಲಿಲ್ಲ. ಮುಜುಗರವೂ ಇರಲಿಲ್ಲ. ಕಲ್ಲೇಶನಿಗೆ ಅದು ಧೈರ್ಯದಂತೆ ಕಂಡಿತು.

ಮುಂದಿನ ವಾರ ಕೊರೆಯುವ ಮಿಷನ್ನಿನ ಜೊತೆ ರುದ್ರೇಶ್ ಬಂದ. ಮಾತು ಕಮ್ಮಿಯ ಆಳು. ಅಂದು ಹೆಂಗಸರನ್ನು ಹುಣಸೆಮರದ ಕೆಳಗೆ ಕೂರಿಸಿದ್ದರು. ಜಾಕಿಗಳು ತೊಲೆಗೆ ಕೊಟ್ಟು ನಿಂತವು. ಕಲ್ಲೇಶ ಮೂರು ಕೋರ್ ತೆಗೆಯುವುದೆಂದು ಬರೆದುಕೊಂಡಿದ್ದ. ಮೂರಕ್ಕಿಂತ ಕಮ್ಮಿಯಾದರೆ ಅದರ ಮೇಲೆ ತೀರ್ಮಾನ ಹೇಳುವಂತಿಲ್ಲ. ಕಂಬಗಳ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿದ. ಮೂರೂ ಪಡುವಣ ಸಾಲಿನವು. ಕರೆಂಟಿನ ಬೋರ್ಡು ಆ ಕಡೆ ಇತ್ತು, ನೀರಿನ ನಲ್ಲಿ ಆ ಕಡೆ ಇತ್ತು. ಎರಡೂ ಸಾಲಿಗೆ ಸುತ್ತಿಗೆ ಒಂದೇ ಅಂಕಿ ಕೊಟ್ಟಿತ್ತಲ್ಲ.

ಮಿಷನ್ನು ಕಂಬಕ್ಕೆ ಬೋಲ್ಟು ಹಾಕಿ ಕೂರಿಸಿ ರುದ್ರೇಶ್ ಸ್ವಿಚ್ ಒತ್ತಿದ. ವಜ್ರದ ಹಲ್ಲಿನ ಕೊಳವೆ ತಿರುಗುತ್ತ ಒಳಗೆ ಹೋಯಿತು. ತಂಪಿಗೆ ಬಿಟ್ಟ ನೀರು ಬೂದು ಬಣ್ಣದ ಕೆಸರಾಗಿ ಕಂಬದ ಮೇಲಿಂದ ಇಳಿಯಿತು. ಅಪ್ಪ ದೂರದಲ್ಲಿ ಕಾಯಿರಾಶಿಯ ಪಕ್ಕ ನಿಂತು ನೋಡುತ್ತಿದ್ದ.

ಮೊದಲ ಕೋರ್ ಬಂತು. ಕಲ್ಲೇಶ ಅದನ್ನು ಎರಡೂ ಕೈಯಲ್ಲಿ ಹಿಡಿದು ಬೆಳಕಿಗೆ ತಂದ. ಜಲ್ಲಿ ಸಮವಾಗಿ ಹರಡಿತ್ತು, ತೂತುಗಳಿರಲಿಲ್ಲ. ಸುಣ್ಣದ ಸತ್ವ ಉಳಿದಲ್ಲಿ ಮಾತ್ರ ಬಣ್ಣ ತೋರುವ ದ್ರಾವಣವನ್ನು ಬಾಟಲಿಯಿಂದ ಸಿಂಪಡಿಸಿದ. ಒಳಗಿನ ಭಾಗ ತಕ್ಷಣ ಕಡು ಗುಲಾಬಿಯಾಯಿತು. ಹೊರಗಿನ ಒಂದು ಇಂಚಿಗಿಂತ ತುಸು ಹೆಚ್ಚು ಭಾಗ ಬಣ್ಣವಿಲ್ಲದೆ ಹಾಗೇ ಉಳಿಯಿತು. ಅಷ್ಟು ಆಳಕ್ಕೆ ಹೊಗೆಯ ಇಂಗಾಲ ಇಳಿದು ಸುಣ್ಣದ ಸತ್ವ ತಿಂದಿತ್ತು. ಸುತ್ತಿಗೆ ಮಾತಾಡಿಸಿದ್ದು ಈ ಬಣ್ಣವಿಲ್ಲದ ಭಾಗವನ್ನು ಮಾತ್ರ. ಅವನ ಅನುಮಾನ ನಿಜವಾಗಿತ್ತು. ಆದರೆ ಒಳಗಿನದೂ ಗಟ್ಟಿಯಾಗಿಯೇ ಕಂಡಿತು. ಮೂವತ್ತೆಂಟಂತೂ ಅಲ್ಲ. ಇಪ್ಪತ್ತು ಇರಬಹುದು.

ಎರಡನೆಯದೂ ಹಾಗೇ ಬಂತು. ಅವನ ಎದೆಯಿಂದ ಏನೋ ಇಳಿದಂತಾಯಿತು. ಜ್ಞಾನೇಶ್ ಗುಲಾಬಿ ಬಣ್ಣ ನೋಡಿ, "ಮದುವೆಗೆ ಕೆನ್ನೆಗೆ ಬಳಿದಂಗಿದೆ," ಎಂದು ನಕ್ಕ. ವೀರಭದ್ರಯ್ಯನವರೂ ಹತ್ತಿರ ಬಂದು ಬಗ್ಗಿ ನೋಡಿದರು. "ಹೇಳಿರ್ಲಿಲ್ವಾ," ಎಂದರು. ರುದ್ರೇಶ್ ಮಿಷನ್ನನ್ನು ಮೂರನೆಯ ಗುರುತಿಗೆ ಒಯ್ಯಲು ಬೋಲ್ಟು ಬಿಚ್ಚತೊಡಗಿದ.

ಆಗ ಅಪ್ಪ ಕಾಯಿರಾಶಿಯ ಪಕ್ಕದಿಂದ ನಡೆದು ಬಂದ. ಪಡುವಣ ಸಾಲನ್ನು ದಾಟಿದ. ಬೂದಿಗುಂಡಿಯನ್ನು ಬಳಸಿ ಮೂಡಣ ಸಾಲಿಗೆ ಹೋದ. ಅಲ್ಲಿ ನಡುವಿನ ಎರಡರಲ್ಲಿ ಒಂದು ಕಂಬದ ಮೇಲೆ ಅಂಗೈ ಇಟ್ಟ. ದನದ ಬೆನ್ನಿನ ಮೇಲೆ ಇಡುವ ಹಾಗೆ.

"ಇದ್ನೂ ನೋಡು," ಎಂದ.

ಕಲ್ಲೇಶ ನೋಡಿದ. "ಅಲ್ಲಿಗೆ ವಯರ್ರು ಸಾಲಲ್ಲಪ್ಪ."

"ಸಾಲುಸ್ಕೊ."

ವೀರಭದ್ರಯ್ಯನವರ ಮುಖದ ನಗೆ ಅಲ್ಲೇ ನಿಂತಿತ್ತು, ಆದರೆ ಅದರ ಒಳಗೆ ಈಗ ಅವರಿರಲಿಲ್ಲ. ಜ್ಞಾನೇಶ್ ಮನೆಯಿಂದ ಇನ್ನೊಂದು ವಯರ್ ತರಲು ಹೋದ. ಅಪ್ಪ ಕೈ ತೆಗೆದು, ಆ ಕಂಬದ ಬುಡದಲ್ಲೇ ಕುಕ್ಕರುಗಾಲಲ್ಲಿ ಕೂತ. ಇಸ್ತ್ರಿಯ ಅಂಗಿಗೆ ಮಸಿ ಮೆತ್ತಿತು.

ಇಲ್ಲಿ ಮಿಷನ್ನಿನ ಸದ್ದು ಬೇರೆಯಾಗಿತ್ತು. ಮೊದಲ ಎರಡು ಇಂಚು ಅದೇ ಕಿರುಚು. ಆಮೇಲೆ ದನಿ ಇಳಿದು ಕೊಳವೆ ಸಲೀಸಾಗಿ ಒಳಗೆ ನಡೆಯಿತು. ರುದ್ರೇಶ್ ಒಮ್ಮೆ ಕಲ್ಲೇಶನನ್ನು ನೋಡಿ ಹಿಡಿಯ ಮೇಲಿನ ಒತ್ತಡ ಕಮ್ಮಿ ಮಾಡಿದ. ಕೋರ್ ಹೊರಗೆ ಬರುವಾಗಲೇ ನಡುವೆ ಮುರಿದು ಎರಡು ತುಂಡಾಯಿತು.

ಕಲ್ಲೇಶ ಮುರಿದ ಮುಖ ನೋಡಿದ. ಗಟ್ಟಿ ಕಾಂಕ್ರೀಟು ಮುರಿದರೆ ಎಷ್ಟೋ ಕಡೆ ಜಲ್ಲಿಯೇ ಸೀಳಿರುತ್ತದೆ. ಇಲ್ಲಿ ಒಂದು ಕಲ್ಲೂ ಸೀಳಿರಲಿಲ್ಲ. ಕಲ್ಲುಗಳು ಇಡಿಯಾಗಿ ಕಿತ್ತುಬಂದು, ಹಲ್ಲುದುರಿದ ವಸಡಿನಂತೆ ಗುಳಿ ಬಿಟ್ಟಿದ್ದವು. ಗಾರೆ ಉಗುರಿಗೆ ಪುಡಿಯಾಗುತ್ತಿತ್ತು. ಆ ಮುಖದ ನಡುವಿನಿಂದ, ಕಂಬದ ಮೈಯಿಂದ ನಾಲ್ಕು ಇಂಚು ಒಳಗೆ, ಎರಡು ಎಳೆ ಕಂದು ನಾರು ಹೊರಗೆ ಚಾಚಿತ್ತು.

ತೆಂಗಿನ ನಾರು. ಮೊದಲು ಅವನಿಗೆ ಅರ್ಥವಾಗಲಿಲ್ಲ. ನೆಲದಿಂದ ಅಂಟಿರಬೇಕೆಂದು ಎಳೆದ. ಬರಲಿಲ್ಲ. ಅದರ ಬೇರು ಕಾಂಕ್ರೀಟಿನೊಳಗೇ ಇತ್ತು. ಸುತ್ತ ಸಣ್ಣ ಸಣ್ಣ ತೂತು, ಚಹಾದ ಕಲೆಯಂಥ ಕಂದು.

ಕಟ್ಟಡದ ಮೂಡಣಕ್ಕೆ, ಬೇಲಿಯಾಚೆ, ಈಗ ಮಣ್ಣು ಮುಚ್ಚಿದ ಒಂದು ತಗ್ಗು ಇತ್ತು. ಹಿಂದೆ ಅಲ್ಲಿ ಹಗ್ಗ ಹೊಸೆಯುವವರು ಕಾಯಿಸಿಪ್ಪೆ ಕೊಳೆಹಾಕುತ್ತಿದ್ದರು. ಕಪ್ಪಗಿನ, ನಾರುವ ನೀರು. ಸಿಪ್ಪೆಯ ಒಗರೆಲ್ಲ ಇಳಿದ ಆ ನೀರಲ್ಲಿ ಸಿಮೆಂಟು ಕಲಸಿದರೆ ಅದು ಗಟ್ಟಿಯಾಗುವುದನ್ನೇ ಮರೆಯುತ್ತದೆ. ಚಿಕ್ಕಂದಿನಲ್ಲಿ ಅವನು ಅಲ್ಲಿಗೆ ಕಲ್ಲು ಎಸೆದಿದ್ದ. ಬಾವಿ ಮೋಟ್ರು ಸುಟ್ಟೋಗಿತ್ತಲ್ಲ ಆವತ್ತು ಎಂದಿದ್ದಳು ಹುಚ್ಚಕ್ಕ. ಈ ಸಾಲು ಎಬ್ಬಿಸಿದ ದಿನ ಅದೇ ಇರಬೇಕು, ಎಲ್ಲಿಂದ ನೀರು ಹೊತ್ತೆ ಎಂದು ಇವನು ಕೇಳಿರಲಿಲ್ಲ.

ಅವನು ತಲೆಯೆತ್ತಿದಾಗ ವೀರಭದ್ರಯ್ಯನವರೂ ಆ ನಾರನ್ನೇ ನೋಡುತ್ತಿದ್ದರು. ಅಪ್ಪ ನೆಲ ನೋಡುತ್ತಿದ್ದ. ಇಬ್ಬರು ಮುದುಕರೂ ಒಬ್ಬರನ್ನೊಬ್ಬರು ನೋಡಲಿಲ್ಲ. ಅಂದು ಯಾರು ಯಾರಿಗೆ ಅವಸರ ಮಾಡಿದರು, ಅಮಾವಾಸ್ಯೆಯೊಳಗೆ ಮುಗಿಯಲಿ ಎಂದವರು ಯಾರು, ಕಲಸಿದ ಗುಡ್ಡೆ ಹಾಳಾಗುತ್ತದೆ ಎಂದವರು ಯಾರು, ಅವರಿಗೆ ಗೊತ್ತಿತ್ತು. ಬೇರೆಯವರಿಗೆ ಗೊತ್ತಾಗುವ ಅಗತ್ಯವಿರಲಿಲ್ಲ.

ಜ್ಞಾನೇಶ್ ಕೇಳಿದ, "ಏನಣ್ಣ, ಮುರಿದೋಯ್ತಾ? ಮಿಷನ್ನಿಂದ ಮುರೀತಾ?"

ಕಲ್ಲೇಶ ತುಂಡುಗಳನ್ನು ಜೋಡಿಸಿಡುತ್ತಿರುವಾಗ ವೀರಭದ್ರಯ್ಯನವರು ಹೊರಗೆ ಹೋಗಿ ಆಳುಗಳನ್ನು ಕೂಗಿದರು. "ಅಟ್ಟದ ಕಾಯಿ ಇಳಿಸ್ರಪ್ಪ. ಎಲ್ಲಾನೂ."

"ಈಗ್ಲಾ? ಇನ್ನೂ ಆರ್ ತಿಂಗಳು ಒಣಗ್ಬೇಕಲ್ಲ ಅಪ್ಪಾಜಿ, ಬಲಿಯದ ಕಾಯಿ..."

"ಇಳಿಸು ಅಂದೆ ಕಣೋ."

ಆ ದಿನ ಮೂಡಣ ಸಾಲಿನಲ್ಲಿ ಇನ್ನೂ ಎರಡು ಕೋರ್ ತೆಗೆದರು. ಪಡುವಣದ ಮೂರನೆಯದನ್ನೂ ತೆಗೆದರು. ಕಾಯಿ ಇಳಿಸುವ ಸದ್ದು ನಡೆದೇ ಇತ್ತು. ಇನ್ನೂ ಒಳಗೆ ನೀರಿರುವ ಕಾಯಿಗಳು, ಉರುಳಿದಾಗ ಒಣಕಾಯಿಯಂತೆ ಗಿಟಗಿಟ ಎನ್ನದೆ ದಬ್ಬೆಂದು ಬೀಳುತ್ತಿದ್ದವು. ಹುಣಸೆಮರದ ಕೆಳಗಿಂದ ಹುಚ್ಚಕ್ಕ ಕೂಗಿ ಕೇಳಿದಳು, "ಏನ್ ಮೇಸ್ತ್ರಿ, ನಮ್ಮ ನೆರಳು ಕಿತ್ಕೊಂಡ್ರಾ?" ಅಪ್ಪ ಕೇಳಿಸಿಕೊಂಡ. ಬಿದ್ದ ಕಾಯಿಯೊಂದನ್ನು ಎತ್ತಿ ರಾಶಿಗೆ ಹಾಕಿದ.

ತುಮಕೂರಿನ ಲ್ಯಾಬಿನಲ್ಲಿ ಕೋರ್‌ಗಳ, ಮುರಿದದ್ದರ ದೊಡ್ಡ ತುಂಡಿನದೂ, ತುದಿ ಕತ್ತರಿಸಿ, ಉಜ್ಜಿ ಸಮ ಮಾಡಿ, ನೀರಿನಲ್ಲಿ ನೆನೆಸಿ, ಕಲ್ಲೇಶ ತಾನೇ ಮಿಷನ್ನಿಗೆ ಇಟ್ಟ. ಪಡುವಣದವು ಬಹಳ ಹೊತ್ತು ತಡೆದು, ಕೊನೆಗೆ ಬಂದೂಕಿನಂತೆ ಸಿಡಿದವು. ಮೂಡಣದವು ಸಿಡಿಯಲಿಲ್ಲ. ಮುಳ್ಳು ಸ್ವಲ್ಪ ಏರಿತು, ನಿಂತಿತು, ಹಿಂದಕ್ಕೆ ಬಂತು. ತಟ್ಟೆಯ ನಡುವೆ ಕಾಂಕ್ರೀಟು ಸದ್ದಿಲ್ಲದೆ ಕುಸಿದು ಅಗಲವಾಯಿತು. ಕೋಣೆಯಲ್ಲಿದ್ದವರು ಆಗಿದ್ದು ತಿಳಿಯದೆ ಮಾತಾಡುತ್ತಲೇ ಇದ್ದರು. ಉದ್ದ ಅಗಲದ ತಿದ್ದುಪಡಿ ಮಾಡಿ, ಉರುಳೆಯ ಅಂಕಿಯನ್ನು ಕ್ಯೂಬಿನ ಅಂಕಿಗೆ ತರಲು ಒಂದೂಕಾಲು ಪಟ್ಟು ಮಾಡಿದ. ಪಡುವಣ ಸಾಲಿನ ಸರಾಸರಿ ಇಪ್ಪತ್ತು. ಮೂಡಣ ಸಾಲಿನದು ಹತ್ತು. ಸುತ್ತಿಗೆ ಎರಡಕ್ಕೂ ಮೂವತ್ತೆಂಟು ಎಂದಿತ್ತು.

ನಿಯಮ ಸರಳವಾಗಿತ್ತು. ಇಪ್ಪತ್ತರ ದರ್ಜೆಗೆ ಕೋರ್‌ಗಳ ಸರಾಸರಿ ಹದಿನೇಳು ಇರಬೇಕು, ಯಾವೊಂದೂ ಹದಿನೈದಕ್ಕಿಂತ ಕೆಳಗಿರಬಾರದು. ಪಡುವಣ ಸಾಲು ಗೆದ್ದಿತ್ತು. ಮೂಡಣ ಸಾಲಿಗೆ ಯಾವ ದಾರಿಯೂ ಇರಲಿಲ್ಲ. ಆರೂ ಕೋರ್‌ಗಳನ್ನು ಒಟ್ಟು ಸೇರಿಸಿ ಸರಾಸರಿ ತೆಗೆದರೂ ಹದಿನೈದು ಬರುತ್ತಿತ್ತು. ಮೂರೂ ಪಡುವಣದವೇ ಆಗಿದ್ದರೆ ಪೂರ್ತಿ ಇಪ್ಪತ್ತು ಬರುತ್ತಿತ್ತು. ಕಲ್ಲೇಶ ಈ ಕೊನೆಯ ಲೆಕ್ಕವನ್ನು ಯಾಕೆ ಮಾಡಿದೆ ಎಂದು ತನ್ನನ್ನೇ ಕೇಳಿಕೊಂಡ.

ದಯಾನಂದ್ ಅಂಕಿಗಳ ಮೇಲೆ ಬೆರಳಾಡಿಸಿದರು. ಮೂಡಣದ ಹತ್ತರ ಬಳಿ ಬೆರಳು ನಿಂತಿತು. "ಈ ಸಾಲನ್ನ ಕೊರೀಬೇಕು ಅಂತ ನಿಂಗೆ ಹೇಗೆ ಹೊಳೀತಯ್ಯ? ಹ್ಯಾಮರ್‌ನಲ್ಲಿ ವ್ಯತ್ಯಾಸವೇ ಇಲ್ಲ." ಕಲ್ಲೇಶ ಅಂಕಿಯ ಹಾಳೆ ಮಡಿಸಿಕೊಂಡ. ಅವರು ಅವನ ಹೆಗಲು ತಟ್ಟಿದರು. "ಒಳ್ಳೇ ಕೆಲಸ. ಇನ್ನೊಂದು ಅಟ್ಟ ಹೇರಿದ್ದಿದ್ರೆ ನೀನು ಹೇಳಿದ ಆ ಹೆಂಗಸರು ಕೆಳಗೇ ಇರ್ತಿದ್ರು."

ವರದಿಯಲ್ಲಿ ಅವನು ಬಲ ಬರೆದ, ಇಂಗಾಲ ಇಳಿದ ಆಳ ಬರೆದ, ಹೊಗೆಯ ಕಟ್ಟಡಗಳಲ್ಲಿ ಸುತ್ತಿಗೆಯ ಅಂಕಿಯನ್ನು ಒಂದನ್ನೇ ನಂಬಬಾರದೆಂದು ಬರೆದ. ನಾರಿನ ಎಳೆಗಳನ್ನೂ ಬರೆದ. ಕಲಸಿದ ನೀರಿನಲ್ಲಿ ಕೊಳೆತ ಸಿಪ್ಪೆಯ ಅಂಶ ಇದ್ದಿರಬಹುದು ಎಂದು ಬರೆದ. ಯಾವುದನ್ನೂ ಮುಚ್ಚಲಿಲ್ಲ. ಮೂಡಣ ಸಾಲಿನ ಕಂಬಗಳನ್ನು ಕೆಡವಿ ಹೊಸದಾಗಿ ಎಬ್ಬಿಸುವವರೆಗೆ ಅಟ್ಟಕ್ಕೆ ಭಾರ ಹಾಕಬಾರದು, ಕೆಳಗೆ ಯಾರೂ ಕೂರಬಾರದು ಎಂದು ಮುಗಿಸಿದ. ಮೇಸ್ತ್ರಿಯ ಹೆಸರನ್ನು ಕೇಳುವ ಜಾಗ ವರದಿಯಲ್ಲಿ ಇರಲಿಲ್ಲ. ಆದರೆ ಊರಿಗೆ ವರದಿ ಬೇಕಿರಲಿಲ್ಲ. ಸಂತೆಯ ಹೊತ್ತಿಗೆ ಸುದ್ದಿ ಹಂದನಕೆರೆಗೂ ಕಂದಿಕೆರೆಗೂ ಮುಟ್ಟಿತ್ತು. ಅಪ್ಪ ಒಪ್ಪಿಕೊಂಡಿದ್ದ ಒಂದು ಮನೆಯ ಕೆಲಸ ಬೇರೆ ಮೇಸ್ತ್ರಿಗೆ ಹೋಯಿತು. ಹೇಳಿಹೋಗಲೂ ಯಾರೂ ಬರಲಿಲ್ಲ.

ಕೆಡವುವ ದಿನ ಅಪ್ಪ ಹೋಗಿದ್ದನಂತೆ. ಅಮ್ಮ ಪುಟ್ಟಗೌರಮ್ಮ ಫೋನಿನಲ್ಲಿ ಹೇಳಿದಳು. "ಯಾರೂ ಕರೀಲಿಲ್ಲ ಕಣಪ್ಪ, ತಾನೇ ಹೋದ. ಆಳುಗಳ ಜೊತೆ ನಿಂತು ಕಲ್ಲು ಹೊತ್ತನಂತೆ. ವೀರಭದ್ರಯ್ಯನೋರು ಟೀ ಕೊಡ್ಸಿದ್ರಂತೆ. ಇಬ್ರೂ ಅಲ್ಲೇ ಕೂತು ಕುಡುದ್ರಂತೆ."

"ಏನಾದ್ರೂ ಮಾತಾಡ್ಕೊಂಡ್ರಂತಾ?"

"ನಂಗೇನ್ ಗೊತ್ತು. ನಿಮ್ಮಪ್ಪ ನಂಗ್ಯಾವಾಗ ಹೇಳಿದಾನೆ."

ಶ್ರಾವಣದಲ್ಲಿ ಕಲ್ಲೇಶ ಊರಿಗೆ ಹೋದಾಗ ಅಪ್ಪ ಮಗ ಇಬ್ಬರೂ ತಿಪಟೂರಿನಿಂದ ಒಂದೇ ಬಸ್ಸಿಗೆ ಹತ್ತಿದರು. ಅಪ್ಪ ಕಿಟಕಿಯ ಪಕ್ಕ ಕೂತ. ತೋಟಗಳು ಹಿಂದೆ ಸರಿದವು. ತಿರುವಿನಲ್ಲಿ ಅಟ್ಟ ಕಂಡಿತು. ಪಡುವಣ ಸಾಲು ಮಸಿ ಬಣ್ಣದಲ್ಲೇ ನಿಂತಿತ್ತು. ಮೂಡಣದ ಹೊಸ ಕಂಬಗಳಿಗೆ ಒದ್ದೆ ಗೋಣಿ ಸುತ್ತಿದ್ದರು, ಹೆಂಗಸೊಬ್ಬಳು ಪೈಪಿನಿಂದ ಅವಕ್ಕೆ ನೀರು ಬಿಡುತ್ತಿದ್ದಳು. ಅಪ್ಪ ಬೆರಳು ಚಾಚಲಿಲ್ಲ. ಗೋಣಿಯಿಂದ ನೀರು ತೊಟ್ಟಿಕ್ಕುವುದನ್ನು, ಬಸ್ಸು ದಾಟುವವರೆಗೂ ಕತ್ತು ತಿರುಗಿಸಿ ನೋಡಿದ.

"ಬಾವಿ ನೀರು," ಎಂದ, ಯಾರಿಗೋ ಎನ್ನುವಂತೆ.

"ಹೂಂ," ಎಂದ ಕಲ್ಲೇಶ.

ಮೂರೂ ಗುರುತುಗಳನ್ನು ತಾನು ಪಡುವಣ ಸಾಲಿಗೇ ಹಾಕಿದ್ದೆ, ಅಪ್ಪ ಕೈಯಿಟ್ಟು ತೋರಿಸದಿದ್ದರೆ ಆ ಕಂಬವನ್ನು ಕೊರೆಯದೆ ಅಟ್ಟಕ್ಕೆ ಒಪ್ಪಿಗೆ ಬರೆದುಕೊಟ್ಟುಬಿಡುತ್ತಿದ್ದೆ ಎಂಬುದನ್ನು ಕಲ್ಲೇಶ ಅಪ್ಪನಿಗೆ ಯಾವತ್ತೂ ಹೇಳಲಿಲ್ಲ.